ಕಸದ ಬುಟ್ಟಿಗೆ ಹೋದ ಅಂಚಿನ ನಕ್ಷೆಗಳು

ಮೊಳಕಾಲ್ಮೂರಿನ ನಮ್ಮ ನೇಕಾರರ ಸಂಘದಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದವನು ನಾನು. ಹೈಸ್ಕೂಲು ಓದಿದ ನನಗೆ ಇಮೇಲ್ ಬಳಸಲು ಬರುತ್ತದೆಂಬ ಜಂಬವೂ ಇತ್ತು.

ಹೋದ ವರ್ಷ ಒಂದು ದಿನ ಮೇಲ್ ತೆರೆದರೆ, ಜಾಗ ತುಂಬಿದೆ, ಇನ್ನು ಹೊಸ ಮೇಲ್ ಬರುವುದಿಲ್ಲ ಎಂಬ ಎಚ್ಚರಿಕೆ. ಹತ್ತು ಎಂಬಿಗಿಂತ ದೊಡ್ಡ ಫೈಲು ಇರುವ, ಎರಡು ವರ್ಷಕ್ಕಿಂತ ಹಳೆಯ ಮೇಲ್‌ಗಳನ್ನು ಹುಡುಕಿದೆ. ಸಭೆಯ ಫೋಟೊಗಳು, ಸೀರೆ ಪ್ರದರ್ಶನದ ವಿಡಿಯೊ, ಜೊತೆಗೆ ಚಳ್ಳಕೆರೆಯ ಸ್ಕ್ಯಾನಿಂಗ್ ಅಂಗಡಿಯಿಂದ ಬಂದ, ವಿಷಯವನ್ನೇ ಬರೆಯದ ನಾಲ್ಕು ಮೇಲ್. ಒಂದನ್ನೂ ತೆರೆಯದೆ ಎಲ್ಲಕ್ಕೂ ಗುರುತು ಹಾಕಿ ಅಳಿಸಿದೆ. ಎಚ್ಚರಿಕೆ ಹೋಗಲಿಲ್ಲ. ಅಳಿಸಿದ್ದು ಮೂವತ್ತು ದಿನ ಕಸದ ಬುಟ್ಟಿಯಲ್ಲೇ ಇದ್ದು ಜಾಗ ತಿನ್ನುತ್ತದಂತೆ. ಬುಟ್ಟಿಯನ್ನೂ ಖಾಲಿ ಮಾಡಿದೆ.

ಅದಾಗಿ ಹದಿನೈದು ದಿನಕ್ಕೆ, ತೀರಿಹೋಗಿದ್ದ ನಮ್ಮ ಸಂಘದ ನೇಕಾರನೊಬ್ಬನ ಹೆಂಡತಿ ಬಂದಳು.

"ಅಣ್ಣಾ, ನಮ್ಮ ಯಜಮಾನ್ರು ಅಂಚಿನ ನಕ್ಷೆ ನಿಮ್ಮ ಮೇಲಿಗೆ ಹಾಕ್ಸಿದ್ರಲ್ಲ, ತೆಗೆದು ಕೊಡ್ರಿ. ಹಾಳೆ ಎಲ್ಲಾ ಗೆದ್ಲು ತಿಂದೈತೆ. ನಾನೇ ಮಗ್ಗ ಹಿಡೀತೀನಿ."

ನಮ್ಮಲ್ಲಿ ಸೀರೆ ಅಂಚಿನ ನಕ್ಷೆಯನ್ನು ಚೌಕದ ಹಾಳೆಯಲ್ಲಿ ಬರೆದು ಟ್ರಂಕಿನಲ್ಲಿಡುತ್ತಾರೆ, ಪಕ್ಕದ ಮಗ್ಗದವನಿಗೂ ತೋರಿಸುವುದಿಲ್ಲ. ಅಷ್ಟು ಗುಟ್ಟಿನದನ್ನು ಆತ ನನ್ನನ್ನು ನಂಬಿ, ಚಳ್ಳಕೆರೆಯ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ ಸಂಘದ ಮೇಲಿಗೆ ಕಳಿಸಿದ್ದ. ಆ ನಾಲ್ಕು ಮೇಲ್ ಅವೇ.

"ಬಂದೇ ಇಲ್ಲಮ್ಮ," ಎಂದೆ. "ಅಂಗಡಿಯೋನು ಕಳ್ಸೇ ಇಲ್ಲ."

"ದುಡ್ಡು ಇಸ್ಕಂಡು ಹಿಂಗ್ ಮಾಡಿದ್ನಾ ಕಳ್ಳ? ಅವನ ಅಂಗಡಿ ಮೆಟ್ಲು ಇನ್ನ ಹತ್ತಲ್ಲ ಬಿಡ್ರಿ," ಎಂದು ಬೈಯುತ್ತಾ ಹೋದಳು. ನನಗೆ ಸಮಾಧಾನವೇ ಆಯಿತು. ಅದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆ.

ಮೂರು ತಿಂಗಳ ನಂತರ ಸಂಘದ ಕೆಲಸಕ್ಕೆ ಚಳ್ಳಕೆರೆಗೆ ಹೋದಾಗ ಅದೇ ಅಂಗಡಿಯಲ್ಲಿ ಮೆಲ್ಲಗೆ ಆ ನಕ್ಷೆಗಳ ಮಾತು ತೆಗೆದೆ.

"ನಾನು ಕಳ್ಸಿದ್ದೆಲ್ಲಾ ನನ್ನ ಮೇಲಲ್ಲೂ ಉಳಿದಿರುತ್ತೆ ಯಜಮಾನ್ರೇ," ಎಂದ ಅಂಗಡಿಯವನು. "ಹೋದ ವಾರ ನಂದೂ ತುಂಬಿತ್ತು. ದೊಡ್ಡ ದೊಡ್ಡವೆಲ್ಲಾ ಕಿತ್ತಾಕಿ ಬುಟ್ಟೀನೂ ಖಾಲಿ ಮಾಡ್ದೆ. ಯಾರೂ ಕೇಳ್ಕಂಡು ಬರ್ಲಿಲ್ಲ ನೋಡ್ರಿ."

ಕೇಳಿಕೊಂಡು ಬರುವವಳನ್ನು ತಡೆದವನು ನಾನೇ ಅಲ್ಲವೇ?

ವಾಪಸು ಬಸ್ಸಿಳಿದವನು ನೇರ ಅವಳ ಮನೆಗೆ ಹೋಗಿ ಎಲ್ಲ ಹೇಳಿದೆ. ಅವಳು ಕಾಲಿಳಿಬಿಟ್ಟು ಕೂತಿದ್ದ ಮಗ್ಗದ ಗುಣಿಯಿಂದ ಏಳಲಿಲ್ಲ.

"ಅಳಿಸಿದ್ದಕ್ಕೆ ಏನೂ ಅನ್ನಲ್ಲಣ್ಣ, ಯಾರಿಗಾದ್ರೂ ಆಗ್ತೈತೆ. ಆವತ್ತೇ ಹೇಳಿದ್ರೆ ಮಧ್ಯಾಹ್ನದ ಬಸ್ಸಿಗೇ ಹೋಗಿ ತರ್ತಿದ್ನಲ್ಲ." ಲಾಳಿ ಕೆಳಗಿಟ್ಟು ಅಂದಳು, "ಆ ಅಂಗಡಿಯೋರ್ನ ಊರೆಲ್ಲಾ ಕಳ್ಳ ಅಂತ ಹೇಳ್ಕಂಡು ಬಂದೀನಿ. ಅದನ್ನ ಯಾರ್ ಅಳಿಸ್ತಾರೆ?"

ಮಗ್ಗದ ಮೇಲೆ ಅವಳು ಹೂಡಿದ್ದು ಸಾದಾ ಅಂಚಿನ ಸೀರೆ. ಮರುದಿನ ಸಂಘದ ಜಗುಲಿಯಲ್ಲಿ ನೇಕಾರರು ಸೇರಿದ್ದಾಗ ಎದ್ದು ನಿಂತು, ನಕ್ಷೆ ಅಳಿಸಿ ಸುಳ್ಳು ಹೇಳಿದವನು ನಾನು, ಕಳ್ಳ ಆ ಅಂಗಡಿಯವನಲ್ಲ ಎಂದು ಹೇಳಿದೆ.