ಹತ್ತು ಗಂಟೆಯ ರೊಟ್ಟಿ

ನಮ್ಮಿಬ್ಬರ ಸಂಸಾರದಲ್ಲಿ ಮಾತು ಅನ್ನುವುದು ನಡೆಯುತ್ತಿದ್ದದ್ದು ರಾತ್ರಿ ಹತ್ತಕ್ಕೆ ಊಟಕ್ಕೆ ಕೂತಾಗ ಮಾತ್ರ. ನನ್ನ ಗಂಡನಿಗೆ ಬೇಗಂ ಬಜಾರಿನಲ್ಲಿ ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಹುಣಸೆಹಣ್ಣಿನ ಸಗಟು ಅಂಗಡಿ. ಅಂಗಡಿ ಮುಚ್ಚಿ, ನಾಂಪಲ್ಲಿಯಲ್ಲಿ ಲೋಕಲ್ ರೈಲು ಹತ್ತಿ, ಲಿಂಗಂಪಲ್ಲಿಯಲ್ಲಿ ಇಳಿದು ಮನೆ ಸೇರುವಷ್ಟರಲ್ಲಿ ಹತ್ತಾಗುತ್ತಿತ್ತು. ನಾನು ಮನೆಯ ಹತ್ತಿರದ ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುವವಳು. ಅವರು ಏಳುವ ಹೊತ್ತಿಗೆ ನಾನು ಹೊರಟಿರುತ್ತೇನೆ, ನಾನು ಬರುವ ಹೊತ್ತಿಗೆ ಅವರು ಅಂಗಡಿಯಲ್ಲಿರುತ್ತಾರೆ. ಮಗಳು ಮದುವೆಯಾಗಿ ಕಲಬುರಗಿಗೆ ಹೋದ ಮೇಲೆ ಮನೆಯಲ್ಲಿ ಮೂರನೆಯ ದನಿಯೂ ಇರಲಿಲ್ಲ.

ನಮ್ಮ ಮಂದಿಯಲ್ಲಿ ರೊಟ್ಟಿ ಹಂಚಿನಿಂದ ನೇರ ತಾಟಿಗೆ ಬೀಳಬೇಕು. ಅಂಗಡಿಯಿಂದ ಬಂದವರು ಕೈಕಾಲು ತೊಳೆದ ಮೇಲೆಯೇ ಹಿಟ್ಟು ನಾದುವುದು, ಅವರು ಉಣ್ಣಲು ಕೂತ ಮೇಲೆಯೇ ಹೆಂಗಸರು ಉಣ್ಣುವುದು. ಅತ್ತೆ ನನಗೆ ಕಲಿಸಿಕೊಟ್ಟದ್ದು ಹಾಗೆ. ಬೇರೆ ಹೆಂಗಸರು ಇದಕ್ಕೆ ಮೂಗು ಮುರಿಯುತ್ತಿದ್ದರು. ನನಗೇನೂ ಬೇಸರವಿರಲಿಲ್ಲ, ಯಾಕೆಂದರೆ ನನ್ನ ಗಂಡನಂಥ ಮಿತಭಾಷಿಯ ಬಾಯಿ ಬಿಡಿಸುವ ಶಕ್ತಿ ಲೋಕದಲ್ಲಿ ಆ ಬಿಸಿ ರೊಟ್ಟಿಗೆ ಮಾತ್ರ ಇತ್ತು. ಮೊದಲ ತುತ್ತು ಒಳಗೆ ಹೋಗುತ್ತಲೇ ಬಜಾರಿನ ಸುದ್ದಿ ಹೊರಗೆ ಬರುತ್ತಿತ್ತು. ಅದರಲ್ಲಿ ಮುಕ್ಕಾಲು ಪಾಲು ಪಕ್ಕದಂಗಡಿಯ ಪಾತ್ರೆ ವ್ಯಾಪಾರಿಯದು. ಅವರೊಬ್ಬ ಮಾರ್ವಾಡಿ, ಇವರಿಬ್ಬರೂ ಮೀಸೆ ಚಿಗುರುವ ಕಾಲದಿಂದ ಒಟ್ಟಿಗೆ ಚಹಾ ಕುಡಿದವರು. ನಾನು ಆ ಮನುಷ್ಯನನ್ನು ನೋಡಿದ್ದು ನಾಲ್ಕೈದು ಸಲವೇ ಇರಬಹುದು. ಆದರೆ ಅವರ ಮೊಣಕಾಲು ನೋವು, ಅವರ ಸೊಸೆಯ ಹಟ, ಅವರು ಹೇಳಿದ ಜೋಕು ಎಲ್ಲವೂ ನನಗೆ ಬಾಯಿಪಾಠ. ಬೆಳ್ಳುಳ್ಳಿ ಹಾಕಿ ಅರೆದ ಕೆಂಪು ಖಾರ, ಅದರ ಮೇಲೆ ಹಸಿ ಎಣ್ಣೆ, ಊಟದ ಕೊನೆಗೆ ಇಬ್ಬರಿಗೂ ಅರ್ಧರ್ಧ ಕಪ್ ಚಹಾ. ಆಮೇಲೆ ನೇರ ಹಾಸಿಗೆ.

ಆ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ನನ್ನ ದನಿ ಕೆಟ್ಟಿತು. ಬೆಳಿಗ್ಗೆ ಎದ್ದರೆ ಗಂಟಲು ಒಡಕು ಮಡಕೆ. ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ತೆರೆದುಕೊಳ್ಳುತ್ತಿತ್ತು, ಮಾರನೆಯ ಬೆಳಿಗ್ಗೆ ಮತ್ತೆ ಅದೇ. ಗಂಟಲಲ್ಲಿ ಏನೋ ಕೂತಿದೆ ಅನ್ನಿಸುತ್ತಿತ್ತು. ನುಂಗಿದರೆ ಇಳಿಯದು, ಕೆಮ್ಮಿದರೆ ಬಾರದು. ಪಾಠದ ನಡುವೆ ಮಾತಿಗೊಮ್ಮೆ ಗಂಟಲು ಕೆರೆದುಕೊಳ್ಳುವುದು ನೋಡಿ ಹುಡುಗರು ನನ್ನನ್ನು ಅಣಕಿಸಲು ಕಲಿತರು. ಹಿಂದಿನ ಬೆಂಚಿಗೆ ಕೇಳಿಸುತ್ತಿಲ್ಲ ಎಂದು ದೂರು ಹೋಯಿತು. ಹೀಗೇ ಆದರೆ ಮುಂದಿನ ವರ್ಷ ಪಾಠ ಬಿಟ್ಟು ಕಚೇರಿ ಕೆಲಸ ನೋಡಿಕೊಳ್ಳಬೇಕಾದೀತು ಎಂದು ಪ್ರಿನ್ಸಿಪಾಲರು ನಯವಾಗಿಯೇ ಹೇಳಿದರು. ನಯವಾಗಿ ಹೇಳಿದ್ದೇ ನನಗೆ ಹೆಚ್ಚು ಸಿಟ್ಟು ತರಿಸಿತು.

ಮೆಣಸಿನಕಾಯಿ ವ್ಯಾಪಾರಿಯ ಹೆಂಡತಿಯಲ್ಲವೇ, ಅವರ ಬಟ್ಟೆಗೆ ಅಂಟಿ ಬರುವ ಘಾಟಿನ ಮೇಲೆ ತಪ್ಪು ಹೊರಿಸಿದೆ. ಶುಂಠಿ, ಕರಿಮೆಣಸು ಕುದಿಸಿ, ಅದಕ್ಕೆ ನಿಂಬೆಹುಳಿ ಹಿಂಡಿ ಮಲಗುವ ಮುಂಚೆ ಕುಡಿಯುತ್ತಿದ್ದೆ. ಪುದೀನದ ಗುಳಿಗೆ ಚೀಪುತ್ತಿದ್ದೆ. ಯಾರು ಏನು ಹೇಳಿದರೂ ಮಾಡಿದೆ, ದನಿ ಮಾತ್ರ ಇನ್ನಷ್ಟು ಕುಸಿಯಿತು. ನಮ್ಮಪ್ಪ ಹೋದದ್ದು ಗಂಟಲಿನ ಗಡ್ಡೆಯಿಂದ. ಅವರಿಗೂ ಮೊದಲು ಹೀಗೇ ದನಿ ಒಡೆದಿತ್ತು. ಒಂದು ರಾತ್ರಿ ರೊಟ್ಟಿ ಬಡಿಯುತ್ತಾ, ಗಂಡನ ಕಡೆ ತಿರುಗದೆ, ನನಗೂ ಅದೇ ಆಗಿದೆಯೇನೋ ಎಂದು ಹೇಳಿಬಿಟ್ಟೆ. ಅವರು ತಾಟನ್ನು ಪಕ್ಕಕ್ಕೆ ಸರಿಸಿದರು. ಮರುದಿನ ಅಂಗಡಿಯ ಬೀಗದಕೈಯನ್ನು ಪಕ್ಕದ ಮಾರ್ವಾಡಿಗೆ ಒಪ್ಪಿಸಿ ನನ್ನೊಂದಿಗೆ ಡಾಕ್ಟರ ಹತ್ತಿರ ಬಂದರು.

ಕಿವಿ-ಮೂಗು-ಗಂಟಲಿನ ಆ ಡಾಕ್ಟರಮ್ಮ ಮೂಗಿನಿಂದ ಸಣ್ಣ ನಳಿಕೆ ಇಳಿಸಿ ನೋಡಿದರು. ಗಡ್ಡೆ ಇಲ್ಲ ಅಂದರು. ನನ್ನ ಗಂಡ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ದನಿಪೆಟ್ಟಿಗೆಯ ಹಿಂಭಾಗ ಕೆಂಪಾಗಿ ಊದಿಕೊಂಡಿತ್ತು. ಹೊಟ್ಟೆಯ ಆಮ್ಲ ಮೇಲೆ ಬಂದು ತಾಕುತ್ತಿರುವ ಹಾಗಿದೆ ಎಂದರು. ನನಗೆ ಎದೆಯುರಿ ಒಂದು ದಿನವೂ ಬಂದಿಲ್ಲ, ಹುಳಿತೇಗು ಕೂಡ ಇಲ್ಲ ಎಂದು ನಾನು ವಾದಕ್ಕೇ ನಿಂತೆ. ಅವರು ಅರ್ಧ ಹಿಂದಿ ಅರ್ಧ ತೆಲುಗಿನಲ್ಲಿ ಬಿಡಿಸಿ ಹೇಳಿದರು: ಅನ್ನನಾಳ ಅಷ್ಟಿಷ್ಟು ಆಮ್ಲವನ್ನು ತಡೆದುಕೊಳ್ಳುತ್ತದೆ, ಬೇಗ ಕೆಳಗೆ ತಳ್ಳಿಬಿಡುತ್ತದೆ, ಹಾಗಾಗಿ ಎದೆ ಉರಿಯದೇ ಇರಬಹುದು. ಗಂಟಲಿಗೆ ಆ ರಕ್ಷಣೆ ಇಲ್ಲ. ಆಮ್ಲ, ಅದರ ಜೊತೆಗೆ ಬರುವ ಹೊಟ್ಟೆಯ ಜೀರ್ಣರಸ ತೀರ ಸ್ವಲ್ಪ ತಾಕಿದರೂ ಅಲ್ಲಿ ಗಾಯದ ಹಾಗೆ ಆಗುತ್ತದೆ. ಕೆಂಪಗಿದೆ ಎಂದಮಾತ್ರಕ್ಕೆ ಇದೇ ಎಂದು ಖಚಿತವಾಗಿ ಹೇಳಲಾಗದು, ಕೆಲವು ತಿಂಗಳು ಪಥ್ಯ ಮಾಡಿ ನೋಡೋಣ ಎಂದು ಬೆಳಗಿನ ತಿಂಡಿಗೆ ಮುಂಚೆ ನುಂಗಲು ಒಂದು ಮಾತ್ರೆ ಬರೆದುಕೊಟ್ಟರು.

ಆಮೇಲೆ ಊಟ ಎಷ್ಟು ಹೊತ್ತಿಗೆ ಎಂದು ಕೇಳಿದರು. ಹತ್ತಕ್ಕೆ. ಮಲಗುವುದು? ಹತ್ತೂವರೆಗೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ತುಂಬಿದ ಹೊಟ್ಟೆಯಲ್ಲಿ ಮಲಗಿದರೆ ಅದು ಮೇಲೆ ಬಾರದೆ ಇನ್ನೆಲ್ಲಿ ಹೋಗಬೇಕು ಎಂದರು. ಉಂಡ ಮೇಲೆ ಮೂರು ತಾಸಾದರೂ ಬಿಟ್ಟು ಮಲಗಬೇಕು, ಉಣ್ಣುವುದನ್ನೂ ಹಿತಮಿತವಾಗಿ. ಖಾರ, ಹುಳಿ, ಕರಿದದ್ದು, ಚಹಾ, ಪುದೀನ ಕಡಿಮೆ. ನನ್ನ ಕಷಾಯದ ವಿಷಯ ಕೇಳಿ ನಕ್ಕರು, ಬೆಂಕಿ ಆರಿಸಲು ಎಣ್ಣೆ ಸುರಿದಿದ್ದೀರಿ ಎಂದರು. ಮಂಚದ ತಲೆದೆಸೆಯನ್ನು ಒಂದು ಗೇಣಿನಷ್ಟು ಎತ್ತರಿಸಬೇಕು, ಎಡಮಗ್ಗುಲಿಗೆ ಮಲಗಿದರೆ ಒಳ್ಳೆಯದು.

ಎತ್ತರಿಸುವುದೆಂದರೆ ದಿಂಬು ಪೇರಿಸುವುದು ಎಂದುಕೊಂಡೆ. ಮೂರು ದಿಂಬಿನ ಮೇಲೆ ಕತ್ತು ಮಡಚಿ, ಹೊಟ್ಟೆ ಅಮುಕಿಕೊಂಡು ಮಲಗಿದೆ. ಕತ್ತು ಹಿಡಿಯಿತು, ಗಂಟಲು ಇನ್ನಷ್ಟು ಕೆಟ್ಟಿತು. ಮತ್ತೆ ಹೋದಾಗ ಡಾಕ್ಟರಮ್ಮ ರೇಗಿದರು. ಎತ್ತಬೇಕಾದದ್ದು ತಲೆಯನ್ನಲ್ಲ, ಮಂಚವನ್ನು. ನನ್ನ ಗಂಡ ಬಡಿಗನ ಹತ್ತಿರ ಹೋಗಿ, ಮಂಚದ ಕಾಲು ಜಾರದಂತೆ ನಡುವೆ ಗುಳಿ ಕೊರೆಸಿದ ಎರಡು ಮರದ ದಿಮ್ಮಿ ಮಾಡಿಸಿ ರೈಲಿನಲ್ಲಿ ಹೊತ್ತು ತಂದರು. ನನ್ನ ಕೈಗೆ ಸಿಗದ ಹಾಗೆ ಕೆಂಪು ಖಾರದ ಡಬ್ಬಿಯನ್ನು ಕಪಾಟಿನ ಒಳಮೂಲೆಗೆ ಸೇರಿಸಿದರು. "ನೀ ಏಳಕ್ಕ ಉಂಡಬಿಡು. ನನ್ನ ದಾರಿ ಕಾಯಬ್ಯಾಡ," ಎಂದರು. ಆ ಮಾತಿಗೆ ನನಗೆ ಎಷ್ಟು ಸಮಾಧಾನವಾಯಿತು ಎಂದರೆ, ಅದರ ಬೆಲೆ ಏನೆಂದು ಆಗ ಹೊಳೆಯಲೇ ಇಲ್ಲ.

ಏಳಕ್ಕೆ ಒಬ್ಬಳೇ ಕೂತು ಮೆತ್ತನೆಯ ಅನ್ನ, ಹೆಸರುಬೇಳೆ ತೊವ್ವೆ, ಸೋರೆಕಾಯಿ ಪಲ್ಯ ಉಣ್ಣತೊಡಗಿದೆ. ಅವರಿಗೆ ರೊಟ್ಟಿ ಬಡಿದು ಬಟ್ಟೆಯಲ್ಲಿ ಸುತ್ತಿಟ್ಟು ಹತ್ತಕ್ಕೆ ಮಲಗುತ್ತಿದ್ದೆ. ಆರಿದ ರೊಟ್ಟಿಯ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಇಳಿಜಾರಾದ ಮಂಚದಲ್ಲಿ ರಾತ್ರಿಯೆಲ್ಲ ಕಾಲ ಕಡೆಗೆ ಜಾರುತ್ತಿದ್ದರು, ಬೆನ್ನು ನೋವು ಶುರುವಾಯಿತು. ಕೊನೆಗೆ ಹಾಸಿಗೆ ಸುತ್ತಿಕೊಂಡು ಪಡಸಾಲೆಯ ದಿವಾನಕ್ಕೆ ಹೋದರು. ನಾನು ಎಡಮಗ್ಗುಲಿಗೆ, ಗೋಡೆಗೆ ಮುಖ ಮಾಡಿ ನಿದ್ದೆ ಹೋಗಿರುತ್ತಿದ್ದೆ. ಅವರು ಬಂದದ್ದು ಬೀಗದ ಸದ್ದಿನಿಂದ ಗೊತ್ತಾದರೆ ಆಯಿತು, ಇಲ್ಲದಿದ್ದರೆ ಇಲ್ಲ.

ದನಿ ಒಂದೇ ಸಲ ಬರಲಿಲ್ಲ. ವಾರಗಟ್ಟಲೆ ಏನೂ ಕಾಣಲಿಲ್ಲ, ನಾನು ಡಾಕ್ಟರಮ್ಮನನ್ನು ಮನಸ್ಸಿನಲ್ಲೇ ಬೈದದ್ದೂ ಉಂಟು. ಆಮೇಲೆ ಬೆಳಗಿನ ಒಡಕು ಕಡಿಮೆಯಾಯಿತು. ಗಂಟಲ ಉಂಡೆ ಕರಗಿತು. ದೀಪಾವಳಿಯ ಮುಂದೆ ಒಂದು ದಿನ ಹಿಂದಿನ ಬೆಂಚಿನ ಗಲಾಟೆಯನ್ನು ಒಂದೇ ಕೂಗಿಗೆ ನಿಲ್ಲಿಸಿದೆ. ಆ ಖುಷಿಯಲ್ಲಿ ಹೊಸ ಸ್ಟೀಲ್ ಡಬ್ಬಿ ಕೊಳ್ಳೋಣವೆಂದು, ಹೇಳದೆ ಕೇಳದೆ, ರಜೆಯ ದಿನ ಬೇಗಂ ಬಜಾರಿಗೆ ಹೋದೆ.

ಮೊದಲು ಪಕ್ಕದ ಪಾತ್ರೆ ಅಂಗಡಿಗೇ ಹೊಕ್ಕೆ. ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೆ ಆ ಮಾರ್ವಾಡಿಯ ಫೋಟೋ, ಅದಕ್ಕೊಂದು ಹಾರ. ಹಾರ ಆಗಲೇ ಒಣಗಿತ್ತು. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದವರು ಅವರ ತಮ್ಮ. ಅಣ್ಣ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಬಿದ್ದರು, ನಿಮ್ಮ ಯಜಮಾನರೇ ಆಸ್ಪತ್ರೆಗೆ ಎತ್ತಿಕೊಂಡು ಹೋದರು, ದಾರಿಯಲ್ಲೇ ಮುಗಿಯಿತು ಎಂದು ಹಿಂದಿಯಲ್ಲಿ ಹೇಳಿದರು. ಸ್ಮಶಾನದವರೆಗೂ ಹೆಗಲು ಕೊಟ್ಟರಂತೆ. ತಿಂಗಳಾಗುತ್ತ ಬಂದಿತ್ತು. ನನಗೆ ಗೊತ್ತಿರುತ್ತದೆ ಎಂದುಕೊಂಡೇ ಅವರು ಹೇಳುತ್ತಿದ್ದರು, ನಾನೂ ಗೊತ್ತಿದ್ದವಳಂತೆ ತಲೆಯಾಡಿಸಿದೆ. ಅಷ್ಟು ನಾಚಿಕೆ ನನಗೆ ಇನ್ನೊಮ್ಮೆ ಆಗಿಲ್ಲ.

ನನ್ನ ಗಂಡ ಮೆಣಸಿನಕಾಯಿ ಚೀಲಗಳ ನಡುವೆ ಒಬ್ಬರೇ ಚಹಾ ಕುಡಿಯುತ್ತಿದ್ದರು. ನನ್ನನ್ನು ನೋಡಿ ಗಾಬರಿಯಾಗಿ, ಗಂಟಲು ಹೆಂಗೈತಿ ಎಂದು ಕೇಳಿದರು. ನಾನು ಪಾತ್ರೆ ಅಂಗಡಿಯ ಕಡೆಗೆ ಕೈ ತೋರಿಸಿದೆ.

"ಇಷ್ಟು ದೊಡ್ಡ ಸುದ್ದಿ ನನಗ್ಯಾಕ ಹೇಳಲಿಲ್ರಿ?"

ಅವರು ಕಪ್ಪನ್ನು ಚೀಲದ ಮೇಲಿಟ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು.

"ಊಟಕ್ಕ ಕುಂತಾಗ ಹೇಳೂದಿತ್ತು. ಈಗ ನಾವು ಯಾವಾಗ ಕುಂದ್ರತೀವಿ?"

ಅಂದಿನಿಂದ ನಾನು ಮೊದಲೇ ಮಲಗುವುದನ್ನು ಬಿಟ್ಟೆ. ಮಂಚದ ಮೇಲೆ ಜಾಗ ಬದಲಿಸಿದೆ. ಎಡಮಗ್ಗುಲಿಗೆ ಮಲಗಿದರೆ ಮುಖ ಅವರು ಮೊದಲು ಮಲಗುತ್ತಿದ್ದ ಕಡೆಗೆ ಬರುವಂತೆ. ಅವರು ದಿವಾನದಿಂದ ಮರಳಿ ಬರಲಿಲ್ಲ, ಬೆನ್ನು ನಿಜವಾಗಿಯೂ ನೋಯುತ್ತಿತ್ತು. ಹತ್ತಕ್ಕೆ ಮತ್ತೆ ಹಂಚು ಕಾಯುತ್ತದೆ, ರೊಟ್ಟಿ ನೇರ ತಾಟಿಗೆ ಬೀಳುತ್ತದೆ. ಎದುರಿನ ಕುರ್ಚಿಯಲ್ಲಿ ಬೆಚ್ಚನೆಯ ನೀರಿನ ಲೋಟ ಹಿಡಿದು ನಾನು ಕೂರುತ್ತೇನೆ. ಇವತ್ತು ಬಜಾರದಾಗ ಏನಾಯಿತು ಎಂದು ಕೇಳುತ್ತೇನೆ, ಸ್ವಚ್ಛ ದನಿಯಲ್ಲಿ. ಏನಿಲ್ಲ, ದಿನಾ ಇದ್ದದ್ದೇ ಅನ್ನುತ್ತಾರೆ. ಮುಂಜಾನೆ ಶಾಲೆಯಿದೆ, ಹೋಗಿ ಮಲಗು ಅನ್ನುತ್ತಾರೆ. ಸುದ್ದಿ ತಂದುಕೊಡುತ್ತಿದ್ದ ಮನುಷ್ಯ ಈಗ ಇಲ್ಲ, ಅದು ನನಗೆ ಗೊತ್ತು. ಎದುರಿಗೆ ಕೂತವರು ಉಣ್ಣದಿದ್ದರೆ ಮಾತು ಏಳುವುದೂ ಇಲ್ಲವೇನೋ.

ಒಂದು ರಾತ್ರಿ ತಡೆಯಲಾರದೆ ಅವರ ತಾಟಿಗೆ ಕೈ ಹಾಕಿ ಒಂದು ಚೂರು ರೊಟ್ಟಿ ಮುರಿದು, ಕೆಂಪು ಖಾರದಲ್ಲಿ ಅದ್ದಿದೆ. ಅವರು ನನ್ನ ಮುಂಗೈ ಹಿಡಿದುಕೊಂಡರು.

"ಬ್ಯಾಡ. ಮತ್ತ ದನಿ ಹೋದೀತು."

ರೊಟ್ಟಿಯ ಚೂರನ್ನು ನನ್ನ ಬೆರಳಿನಿಂದ ಬಿಡಿಸಿಕೊಂಡು ತಾವೇ ಬಾಯಿಗೆ ಹಾಕಿಕೊಂಡರು. ತಾಟನ್ನು ತಮ್ಮ ಕಡೆಗೆ ಎಳೆದುಕೊಂಡು, ಉಳಿದದ್ದನ್ನು ತಲೆ ತಗ್ಗಿಸಿ ಉಂಡು ಮುಗಿಸಿದರು.