‘ಸಿ’ ಎಲ್ಲಿಗೆ ಹೋಯಿತು?

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಯಶವಂತಪುರದ ಕಾಲೇಜಿನಲ್ಲಿ ಎರಡನೇ ಪಿಯುಸಿ ಓದುತ್ತಿದ್ದೆ. ಗದಗದ ಕಡೆಯಿಂದ ಫ್ಯಾಕ್ಟರಿ ಕೆಲಸಕ್ಕೆ ಬಂದಿದ್ದ ಅಪ್ಪ, ಫಿಸಿಕ್ಸಿನಲ್ಲಿ ಫೇಲಾದರೆ ಸೈನ್ಸ್ ಬಿಡಿಸಿ ಕಾಮರ್ಸಿಗೆ ಹಾಕುವುದಾಗಿ ಹೇಳಿಬಿಟ್ಟಿದ್ದರು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾನು ಒಂದೇ ಅಂಕದಿಂದ ಫೇಲಾದೆ.

ಆ ಅಂಕ ಹೋಗಿದ್ದು ಒಂದು ಲೆಕ್ಕದಲ್ಲಿ. ನಿಂತ ಗಾಡಿ ಹೊರಡುತ್ತದೆ, t ಸೆಕೆಂಡಾದಾಗ ಅದರ ವೇಗೋತ್ಕರ್ಷ, ಅಂದರೆ ವೇಗ ಹೆಚ್ಚುವ ದರ, 6t, ಎರಡು ಸೆಕೆಂಡಾದ ಮೇಲೆ ವೇಗವೆಷ್ಟು? ಇಂಟಿಗ್ರೇಟ್ ಮಾಡಿ 3t² + C ಅಂತ ಬರೆದು, t ಜಾಗದಲ್ಲಿ ಎರಡು ಹಾಕಿ, ‘12 + C’ ಅಂತ ಮುಗಿಸಿದ್ದೆ. ಇಂಟಿಗ್ರೇಟ್ ಮಾಡಿದಾಗ ಕೊನೆಗೆ ಸೇರಿಸಬೇಕಾದ ಆ ಸ್ಥಿರಾಂಕ ಸಿ ಬಿಟ್ಟರೆ ಅಂಕ ಕತ್ತರಿಸುತ್ತೇನೆಂದು ಗಣಿತದ ಮೇಷ್ಟ್ರು ಹೆದರಿಸಿದ್ದರಲ್ಲ! ಫಿಸಿಕ್ಸ್ ಮೇಷ್ಟ್ರು ಅದೇ ಸಿಯ ಸುತ್ತ ಕೆಂಪು ಗೆರೆ ಎಳೆದಿದ್ದರು.

ತಲೆ ಕೆಟ್ಟು ಸ್ಟಾಫ್ ರೂಮಿಗೆ ಹೋದೆ. ಇಬ್ಬರ ಮೇಜೂ ಅಕ್ಕಪಕ್ಕ. ಸಿ ಯಾವ ಸಂಖ್ಯೆಯಾದರೂ ಆಗಬಹುದು, ಅದನ್ನು ಮುಟ್ಟಬೇಡ ಅಂದರು ಗಣಿತದವರು. ಯಾವುದಾದರೂ ಆದರೆ ಗಾಡಿಯ ವೇಗ ಯಾವುದು ಅಂತ ಹೇಳುವುದು ಹೇಗೆ ಅಂದರು ಫಿಸಿಕ್ಸಿನವರು. ನಾನು ಯಾರನ್ನು ನಂಬಲಿ? ಇಬ್ಬರ ಮೇಲೂ ಸಿಟ್ಟು ಬಂದು ಕಣ್ಣು ತುಂಬಿತು.

ಫಿಸಿಕ್ಸ್ ಮೇಷ್ಟ್ರು ಕೈಗೆ ಸೀಮೆಸುಣ್ಣ ಕೊಟ್ಟು, ಪಕ್ಕದ ಖಾಲಿ ತರಗತಿಯ ಬೋರ್ಡಿನ ಮುಂದೆ ನಿಲ್ಲಿಸಿದರು. ಲೆಕ್ಕ ಅದೇ, ಆದರೆ ಈ ಸಲ ಗಾಡಿ ಆಗಲೇ ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಓಡುತ್ತಿದೆ, ಆಗ ನಾವು ಗಡಿಯಾರ ಶುರು ಮಾಡಿದೆವು ಅಂದುಕೋ ಅಂದರು. t ಸೊನ್ನೆ ಇದ್ದಾಗ ವೇಗ ಐದು ಆಗಬೇಕಾದರೆ ಸಿ ಐದೇ ಆಗಬೇಕು. ಹನ್ನೆರಡಕ್ಕೆ ಐದು ಸೇರಿಸಿ ಹದಿನೇಳು ಬರೆದೆ.

“ಹಾಗಾದ್ರೆ ಸಿ ಅಂದ್ರೇನಮ್ಮಾ?”

“ನಾವು ನೋಡೋಕ್ ಶುರು ಮಾಡ್ದಾಗ ಎಷ್ಟು ವೇಗ ಇತ್ತೋ ಅದು, ಸಾರ್.”

“ಪರೀಕ್ಷೇಲಿ ಗಾಡಿ ನಿಂತಿತ್ತು. ಸಿ ಹೋಯ್ತಾ?”

ಹೋಯಿತು ಅಂದೆ. ಹೋಗಿಲ್ಲ, ಅಲ್ಲೇ ಇದೆ, ಸೊನ್ನೆಯಾಗಿದೆ ಅಂದರು. ಅಷ್ಟು ಹೊತ್ತು ತಿಳಿದಿತ್ತು ಅಂದುಕೊಂಡಿದ್ದೆಲ್ಲ ಮತ್ತೆ ಕಲಸಿಹೋಯಿತು. ಇದ್ದೂ ಸೊನ್ನೆಯೆಂದರೆ ಇದ್ದೇನು ಪ್ರಯೋಜನ ಅಂತ ಕೇಳಿಯೇಬಿಟ್ಟೆ. ಅವರು ನಕ್ಕು, ಇಷ್ಟು ಕೇಳಿದೆಯಲ್ಲ, ಅದೇ ಸಾಕು ಅಂದು, ನನ್ನ ಉತ್ತರಪತ್ರಿಕೆ ತರಿಸಿಕೊಂಡು ಒಂದು ಅಂಕ ಸೇರಿಸಿದರು.

ಸಂಜೆ ಅಪ್ಪನಿಗೆ ಪಾಸಾದೆ ಅಂದೆ. ನಡೆದದ್ದನ್ನೆಲ್ಲ ಕೇಳಿ, ಈಗ ತಿಳಿಯಿತೇ ಅಂದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅರ್ಧ ತಿಳಿದಿದೆ, ಅರ್ಧ ಗೊಂದಲ ಅಂದೆ. ಕಾಮರ್ಸ್ ಗ್ಯಾರಂಟಿ ಅಂತ ತಲೆತಗ್ಗಿಸಿ ನಿಂತೆ.

“ಹಂಗಾರ ಸೈನ್ಸ ಬಿಡಬ್ಯಾಡವಾ,” ಅಂದರು ಅಪ್ಪ. “ಉಳದ ಅರ್ಧಾ ಮತ್ತೆಲ್ಲಿ ಕಲೀತಿ?”