ಅಕ್ಕನ ಹೆಸರಿನಲ್ಲಿ ಎರಡು ಖಾತೆ

ನನ್ನ ಅಕ್ಕ ಯಲಹಂಕದ ಒಂದು ಖಾಸಗಿ ಶಾಲೆಯಲ್ಲಿ ಅಟೆಂಡರ್. ಗಂಟೆ ಹೊಡೆಯುವುದು, ಹಾಜರಿ ಪುಸ್ತಕ ತರಗತಿಗೆ ಒಯ್ಯುವುದು, ಆಫೀಸಿನಲ್ಲಿ ಕ್ಲರ್ಕ್ ರಜೆ ಹಾಕಿದ ದಿನ ಅವರ ಕೆಲಸವನ್ನೂ ಮಾಡುವುದು. ಆ ಕ್ಲರ್ಕ್ ನಿವೃತ್ತರಾಗುವವರಿದ್ದರು. 'ನಿಮಗೊಂದು ಡಿಗ್ರಿ ಇದ್ದಿದ್ರೆ ಈ ಕುರ್ಚಿ ನಿಮಗೇ ಕೊಡ್ತಿದ್ದೆ' ಎಂದು ಹೆಡ್‌ಮಿಸ್ ಒಂದು ದಿನ ಹೇಳಿದರಂತೆ. ಪಿಯುಸಿ ಮುಗಿಸಿದ ವರ್ಷವೇ ಮದುವೆಯಾಗಿ ವಿಜಯಪುರದ ಕಡೆಯಿಂದ ಇಲ್ಲಿಗೆ ಬಂದವಳು, ನಲವತ್ತಾರನೆಯ ವಯಸ್ಸಿನಲ್ಲಿ ದೂರಶಿಕ್ಷಣದ ಬಿ.ಎ. ಮಾಡುತ್ತೇನೆ ಅಂದಳು.

'ಅರ್ಜಿ ನೀನ ತುಂಬಬೇಕು. ನಂಗ ಅದೆಲ್ಲ ತಿಳಿಯೂದಿಲ್ಲ.'

ನಾನು ಹೆಬ್ಬಾಳದ ಒಂದು ಆಸ್ಪತ್ರೆಯಲ್ಲಿ ರೋಗಿಗಳ ನೋಂದಣಿ ಕೌಂಟರಿನಲ್ಲಿ ಕೂರುವವಳು. ಒಬ್ಬರೇ ರೋಗಿ ಎರಡು ಕಾರ್ಡ್ ಮಾಡಿಸಿಕೊಂಡು ಬಂದರೆ ಗದರುವವಳು. ಒಂದು ಅರ್ಜಿ ಯಾವ ಲೆಕ್ಕ ಅಂದುಕೊಂಡೆ.

ಊಟದ ವಿರಾಮದಲ್ಲಿ ಕೌಂಟರಿನ ಕಂಪ್ಯೂಟರಿನಲ್ಲೇ ಪ್ರವೇಶದ ಪೋರ್ಟಲ್ ತೆರೆದೆ. ಅಕ್ಕನ ಮೊಬೈಲ್ ನಂಬರ್, ಅವಳ ಇಮೇಲ್, ಹುಟ್ಟಿದ ದಿನ, ಎಸ್ಸೆಸ್ಸೆಲ್ಸಿ ನೋಂದಣಿ ಸಂಖ್ಯೆ ಹಾಕಿದೆ. ಅವಳು ಶಾಲೆಯಿಂದ ಫೋನಿನಲ್ಲಿ ಒಟಿಪಿ ಓದಿ ಹೇಳಿದಳು. ಒತ್ತಿದೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಆಮೇಲೆ ಪುಟ ಬಿಳಿಯಾಗಿ ಹೋಯಿತು. ಮತ್ತೆ ತೆರೆದು ಅದೇ ನಂಬರ್ ಹಾಕಿದರೆ, 'ಈ ಸಂಖ್ಯೆ ಈಗಾಗಲೇ ನೋಂದಣಿಯಾಗಿದೆ' ಎಂದಿತು. ಅಂದರೆ ಖಾತೆ ಆಗಿತ್ತು. ಪಾಸ್‌ವರ್ಡ್ ಮರುಹೊಂದಿಸಿ ಒಳಗೆ ಹೋದರೆ ಮುಗಿಯುತ್ತಿತ್ತು. ಆದರೆ ಅದಕ್ಕೆ ಇನ್ನೊಂದು ಒಟಿಪಿ ಬೇಕು. ಅಕ್ಕ ಅಷ್ಟರಲ್ಲಿ ಗಂಟೆ ಹೊಡೆಯಲು ಹೋಗಿದ್ದಳು. ನನ್ನ ಮುಂದೆ ಸಾಲು ಬೆಳೆಯುತ್ತಿತ್ತು. ನನ್ನದೇ ನಂಬರ್, ನನ್ನದೇ ಇಮೇಲ್ ಹಾಕಿ ಅವಳ ಹೆಸರಿನಲ್ಲಿ ಇನ್ನೊಂದು ಖಾತೆ ಮಾಡಿದೆ. ಮರುದಿನ ಅಂಕಪಟ್ಟಿ, ಫೋಟೋ ಏರಿಸಿ ಅರ್ಜಿ ಸಲ್ಲಿಸಿ, 'ಆಯ್ತು ನೋಡು' ಎಂದು ಅಕ್ಕನಿಗೆ ಹೇಳಿದೆ. ಅವಳು ಶಾಲೆಯಲ್ಲಿ ಎಲ್ಲರಿಗೂ ಪೇಡ ಹಂಚಿದಳು.

ಹತ್ತು ದಿನದ ಮೇಲೆ ನನ್ನ ಇಮೇಲಿಗೆ ಸಂದೇಶ ಬಂತು. ಒಂದೇ ಎಸ್ಸೆಸ್ಸೆಲ್ಸಿ ಸಂಖ್ಯೆಯಲ್ಲಿ ಎರಡು ಖಾತೆಗಳಿವೆ, ಪರಿಶೀಲನೆ ಮುಗಿಯುವವರೆಗೆ ಅರ್ಜಿಯನ್ನು ತಡೆಹಿಡಿಯಲಾಗಿದೆ. ಅಕ್ಕನಿಗೆ ಹೇಳಲಿಲ್ಲ.

ಮರುದಿನ ಅರ್ಧ ದಿನ ರಜೆ ಹಾಕಿ ಅಧ್ಯಯನ ಕೇಂದ್ರಕ್ಕೆ ಹೋದೆ. ಅಲ್ಲಿದ್ದವರು ನನ್ನ ಫೋನ್ ನೋಡಿ ವಾಪಸ್ ಕೊಟ್ಟರು. 'ನಮ್ ಕೈಲಿ ಏನೂ ಇಲ್ಲ ಕಣ್ರೀ. ನಮಗೆ ಅರ್ಜಿ ನೋಡೋಕೆ ಮಾತ್ರ ಆಗೋದು. ಪೋರ್ಟಲ್ ಸಪೋರ್ಟ್‌ಗೆ ಮೇಲ್ ಹಾಕಿ. ಎರಡೂ ನೋಂದಣಿ ಸಂಖ್ಯೆ ಬರೀರಿ, ಯಾವುದು ಇರಬೇಕು, ಯಾವುದು ಹೋಗಬೇಕು ಅಂತ ಸ್ಪಷ್ಟವಾಗಿ ಬರೀರಿ.'

ಬಸ್ಸಿನಲ್ಲಿ ಕೂತೇ ಬರೆದೆ. 'ಮಾನ್ಯರೇ, ನೋಂದಣಿಯ ಸಮಯದಲ್ಲಿ ನನ್ನ ಕಣ್ತಪ್ಪಿನಿಂದ ನನ್ನ ಹೆಸರಿನಲ್ಲಿ ಎರಡು ಖಾತೆಗಳಾಗಿವೆ. ನನಗೆ ಕಂಪ್ಯೂಟರ್ ಬಳಕೆ ಸರಿಯಾಗಿ ಗೊತ್ತಿಲ್ಲ. ದಯವಿಟ್ಟು ಎರಡನ್ನೂ ಒಂದು ಮಾಡಿ, ಇಲ್ಲವೇ ಮೊದಲನೆಯದನ್ನು ಮುಚ್ಚಿ.' ಕೆಳಗೆ ಅಕ್ಕನ ಹೆಸರು ಹಾಕಿದೆ. ಅರ್ಜಿದಾರಳು ಅವಳು ತಾನೆ, ಹೀಗೆ ಬರೆದರೆ ಕನಿಕರವೂ ಬಂದೀತು ಅಂದುಕೊಂಡೆ.

ಉತ್ತರವಾಗಿ ದೂರಿನ ಟಿಕೆಟ್ ಸಂಖ್ಯೆಯೊಂದು ಬಂತು, ಆಮೇಲೆ ಏನೂ ಇಲ್ಲ. ಎರಡು ದಿನ ಕಾದು ಹೊಸ ಮೇಲ್ ಹಾಕಿದೆ. ಹೊಸ ಟಿಕೆಟ್ ಸಂಖ್ಯೆ. ಮತ್ತೊಂದು ಹಾಕಿದೆ, ಇನ್ನೊಂದು ಸಂಖ್ಯೆ. ನಾಲ್ಕನೆಯ ದಿನ ಉತ್ತರ ಬಂತು: ಒಂದೇ ವಿಷಯಕ್ಕೆ ಬೇರೆ ಬೇರೆ ದೂರು ಕಳಿಸಬೇಡಿ, ಹಳೆಯ ಮೇಲಿಗೇ ಉತ್ತರಿಸಿ. ಖಾತೆಗಳನ್ನು ಒಂದು ಮಾಡುವ ಸೌಲಭ್ಯವಿಲ್ಲ. ಅರ್ಜಿ ಸಲ್ಲಿಕೆಯಾಗಿರುವ ಖಾತೆಯನ್ನು ಉಳಿಸಿ ಇನ್ನೊಂದನ್ನು ಮುಚ್ಚಬಹುದು. ಆದರೆ ಮುಚ್ಚುವ ಖಾತೆಯಲ್ಲಿ ನೋಂದಣಿಯಾಗಿರುವ ಇಮೇಲಿನಿಂದಲೇ ಒಪ್ಪಿಗೆ ಬರಬೇಕು.

ಅದು ಅಕ್ಕನ ಇಮೇಲ್. ಅವಳ ಫೋನಿನಲ್ಲಿತ್ತು. ಭಾನುವಾರ ಅವಳ ಮನೆಗೆ ಹೋಗಿ, ಫೋಟೋ ನೋಡುವ ನೆಪದಲ್ಲಿ ಫೋನ್ ತೆಗೆದುಕೊಂಡು ಕಳಿಸಿಬಿಡೋಣ ಎಂದು ಯೋಚಿಸಿದೆ. ಹಾಗೆ ಯೋಚಿಸಿದ್ದನ್ನು ಬರೆಯಲು ಈಗಲೂ ನಾಚಿಕೆ.

ಭಾನುವಾರದವರೆಗೆ ಕಾಯುವ ಪ್ರಸಂಗವೇ ಬರಲಿಲ್ಲ. ಸಪೋರ್ಟಿನವರು ಒಪ್ಪಿಗೆ ಕೇಳಿ ಆ ವಿಳಾಸಕ್ಕೂ ಮೇಲ್ ಕಳಿಸಿದ್ದರು. ಕೆಳಗೆ ನಾನು ಬರೆದದ್ದೆಲ್ಲ ಇತ್ತು. ಮಧ್ಯಾಹ್ನ ಅಕ್ಕನ ಫೋನ್ ಬಂತು. 'ಸಂಜೀಕ ಬಾ' ಅಂದಳು, ಅಷ್ಟೇ.

ಹೋದಾಗ ಅವಳು ಅಡುಗೆಮನೆಯ ನೆಲದ ಮೇಲೆ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

'ಎಷ್ಟು ದಿನಾತು ಇದು?'

'ಒಂಬತ್ತು ದಿನ.'

'ಒಂಬತ್ತು ದಿನ ನಾ ಎಲ್ಲಾರ ಮುಂದ ಅಡ್ಮಿಷನ್ ಆಗೇತಿ ಅಂತ ಹೇಳಕೋತ ತಿರುಗೇನಿ.'

'ಅಕ್ಕಾ, ಗಾಬರಿ ಆಗ್ತಿ ಅಂತ ಹೇಳಲಿಲ್ಲ.'

'ಖಾತೆ ಎರಡಾದ್ರ ಆಗಲಿ, ಅವಸರದಾಗ ಆಗತೈತಿ. ನನ್ನ ಹೆಸರು ಹಾಕಿ, ನನಗೇನೂ ತಿಳಿಯೂದಿಲ್ಲ, ನಾನ ತಪ್ಪು ಮಾಡೇನಿ ಅಂತ ಯಾಕ ಬರದಿ?'

'ನಂಗ ತಿಳಿಯೂದಿಲ್ಲ ಅಂತ ನೀನ ಅಂದಿದ್ದಿ ಅಲ್ಲ' ಎಂಬ ಮಾತು ಬಾಯಿಗೆ ಬಂದಿತ್ತು. ಆಡಿದ್ದರೆ ಏನಾಗುತ್ತಿತ್ತೋ.

ಅವಳು ಕೈ ತೊಳೆದು ಫೋನ್ ತೆಗೆದುಕೊಂಡಳು. ನಾನು ಹೇಳಿಕೊಡಲು ಬಗ್ಗಿದರೆ, ಬೇಡ ಎಂಬಂತೆ ಅಂಗೈ ತೋರಿಸಿದಳು. ಒಂದೊಂದೇ ಅಕ್ಷರ ಹುಡುಕಿ ಬರೆಯಲು ಅರ್ಧ ಗಂಟೆ ಹಿಡಿಯಿತು. ಮುಗಿಸಿ ನನಗೆ ತೋರಿಸಿದಳು: 'ಈ ಖಾತೆ ನನ್ನದು. ಇದನ್ನು ಮುಚ್ಚಲು ನನ್ನ ಒಪ್ಪಿಗೆ ಇದೆ. ಅರ್ಜಿ ಇರುವ ಎರಡನೆಯ ಖಾತೆ ಉಳಿಯಲಿ. ಎರಡನ್ನೂ ನನ್ನ ತಂಗಿ ನನ್ನ ಪರವಾಗಿ ತೆರೆದಳು. ಹಿಂದಿನ ಪತ್ರವನ್ನು ನಾನು ಬರೆದಿಲ್ಲ.'

'ಕೊನೇ ಸಾಲು ಬೇಕಾ? ಅರ್ಜಿ ರದ್ದು ಮಾಡಿದ್ರ?'

'ಮಾಡಿದ್ರ ಮಾಡಲಿ.'

ಕಳಿಸಿಬಿಟ್ಟಳು. ಆ ರಾತ್ರಿ ಊಟಕ್ಕೆ ಇರು ಅನ್ನಲಿಲ್ಲ.

ರದ್ದಾಗಲಿಲ್ಲ. ಐದು ದಿನಕ್ಕೆ ಮೊದಲ ಖಾತೆ ಮುಚ್ಚಿತು, ತಡೆ ತೆರವಾಯಿತು. ಆ ಖಾತೆ ಹೋದ ಮೇಲಷ್ಟೇ ಅವಳ ಮೊಬೈಲ್ ನಂಬರ್ ಬಿಡುಗಡೆಯಾದದ್ದು. ಅದನ್ನು ಉಳಿದ ಖಾತೆಗೆ ಸೇರಿಸಲು ನನ್ನ ಫೋನಿಗೊಂದು, ಅವಳ ಫೋನಿಗೊಂದು ಒಟಿಪಿ ಬಂತು. ಆದರೆ ಅಷ್ಟರಲ್ಲಿ ಹತ್ತಿರದ ಕೇಂದ್ರದ ಭಾನುವಾರದ ತರಗತಿಗಳು ತುಂಬಿಹೋಗಿದ್ದವು. ಅಕ್ಕನಿಗೆ ಸಿಕ್ಕಿದ್ದು ಊರಿನ ಇನ್ನೊಂದು ತುದಿಯ ಕೇಂದ್ರ. ವಾರದಲ್ಲಿ ಇರುವ ಒಂದೇ ರಜೆಯ ದಿನ ಬೆಳಿಗ್ಗೆ ಆರಕ್ಕೆ ಹೊರಟು ಎರಡು ಬಸ್ ಬದಲಾಯಿಸಬೇಕು. ನನ್ನ ಊಟದ ವಿರಾಮದ ಹತ್ತು ನಿಮಿಷಕ್ಕೆ ಅವಳು ಮೂರು ವರ್ಷದ ಭಾನುವಾರಗಳನ್ನು ಕೊಡುತ್ತಿದ್ದಾಳೆ.

ಅವಳು ಅದನ್ನು ಒಮ್ಮೆಯೂ ಆಡಿ ತೋರಿಸಿಲ್ಲ. ಫೋನ್ ಮಾಡುತ್ತಾಳೆ, ಮಕ್ಕಳ ಬಗ್ಗೆ ಕೇಳುತ್ತಾಳೆ. ಮೊದಲ ವರ್ಷದ ಪರೀಕ್ಷೆ ಹತ್ತಿರ ಬಂದಾಗ, ಪ್ರವೇಶ ಪತ್ರ ಇಳಿಸಿ ಪ್ರಿಂಟ್ ತೆಗೆದುಕೊಡೋಣವೆಂದು ಪೋರ್ಟಲ್ ತೆರೆದೆ. ನಾನೇ ಇಟ್ಟಿದ್ದ ಪಾಸ್‌ವರ್ಡ್ ತಪ್ಪು ಎಂದಿತು. ಎರಡನೆಯ ಸಲ ಪ್ರಯತ್ನಿಸಲಿಲ್ಲ. ಪುಟ ಮುಚ್ಚಿ, ಕೌಂಟರಿನ ಮುಂದೆ ನಿಂತಿದ್ದ ಅಜ್ಜಿಯ ಹೆಸರು ಕೇಳಿದೆ.